ಕಿವಿಯೊಳಗಿನ ಹುಳ: ಮೊದಲು ಎಣ್ಣೆ, ಆಮೇಲೆ ಇಕ್ಕಳ

ಪೆರ್ಲದ ಹತ್ತಿರ ನನ್ನದೊಂದು ಸಣ್ಣ ಕ್ಲಿನಿಕ್ ಇದೆ. ಸುತ್ತ ರಬ್ಬರ್ ತೋಟಗಳು. ಟ್ಯಾಪಿಂಗ್ ಮಾಡುವವರು ಬೆಳಕು ಹರಿಯುವ ಮೊದಲೇ ತಲೆಗೆ ಲೈಟು ಕಟ್ಟಿಕೊಂಡು ತೋಟಕ್ಕೆ ಇಳಿಯುತ್ತಾರೆ. ಆ ಬೆಳಕಿಗೆ ಹುಳಗಳು ಮುತ್ತುತ್ತವೆ. ಅದರಲ್ಲಿ ಒಂದೊಂದು ಕಿವಿಗೂ ಹೊಕ್ಕುತ್ತದೆ.

ಕಳೆದ ವರ್ಷ ಒಂದು ಬೆಳಗ್ಗೆ ಐದೂವರೆಗೆ ಟ್ಯಾಪಿಂಗ್ ಮಾಡುವವನೊಬ್ಬ ಹೆಂಡತಿಯೊಡನೆ ಬಂದು ನನ್ನ ಮನೆಯ ಬಾಗಿಲು ತಟ್ಟಿದ. ಗಂಡ ಕಿವಿ ಒತ್ತಿ ಹಿಡಿದು ನಿಂತಲ್ಲೇ ತೂಗಾಡುತ್ತಿದ್ದ. "ಡಾಕ್ಟ್ರೇ, ಹುಳ ಹೋಗಿದೆ. ಒಳಗೆ ಮೆಷಿನ್ ಓಡಿದ ಹಾಗೆ ಶಬ್ದ ಅಂತಾರೆ. ನಾನು ಪಿನ್ನಲ್ಲಿ ತೆಗೀಲಿಕ್ಕೆ ನೋಡಿದೆ, ಇನ್ನೂ ಒಳಗೆ ಹೋಯ್ತು" ಅಂದಳು ಹೆಂಡತಿ. ಅವಳನ್ನು ಬೈಯುವಂಥದ್ದೇನೂ ಇರಲಿಲ್ಲ. ಅಂಥ ಹೊತ್ತಲ್ಲಿ ಯಾರ ಕೈಯೂ ಪಿನ್ನಿಗೇ ಹೋಗುತ್ತದೆ.

ಆದರೆ ಪಿನ್ನು ಯಾಕೆ ಬೇಡ ಅಂತ ಹೇಳಲೇಬೇಕು. ದೊಡ್ಡವರ ಕಿವಿಯ ದಾರಿ ಹೆಚ್ಚುಕಡಿಮೆ ಎರಡೂವರೆ ಸೆಂಟಿಮೀಟರ್ ಉದ್ದ. ಅದರ ಕೊನೆಗೆ ತಮಟೆ. ಒಳಗಿನ ಭಾಗ ಎಲುಬಿನ ಮೇಲೆ ತೆಳ್ಳಗೆ ಚರ್ಮ ಹೊದಿಸಿದ ಹಾಗಿದೆ. ಸ್ವಲ್ಪ ತಾಗಿದರೂ ಜೀವ ಹೋಗುವಷ್ಟು ನೋವು, ರಕ್ತವೂ ಬರುತ್ತದೆ. ಅಷ್ಟು ಇಕ್ಕಟ್ಟಿನಲ್ಲಿ ಹುಳಕ್ಕೆ ತಿರುಗಿ ಬರಲು ಜಾಗವಿಲ್ಲ. ಹಿಂದಿನಿಂದ ಚುಚ್ಚಿದರೆ ಅದು ಮುಂದಕ್ಕೇ ನುಗ್ಗುತ್ತದೆ. ಕಾಲಿನ ಮುಳ್ಳುಗಳು ತಮಟೆಯನ್ನು ಕೆರೆಯುತ್ತವೆ. ಆ ಶಬ್ದ ಅದರದ್ದೇ.

ಕಿವಿಯೊಳಗೆ ನೋಡುವ ಲೈಟು ಹಾಕಿದೆ. ಕಂದು ಬಣ್ಣದ ಬೆನ್ನು ಕಂಡಿತು, ಪಕ್ಕದಲ್ಲಿ ಪಿನ್ನು ಗೀರಿದ ಕೆಂಪು ಗೆರೆ. ಮುಂದೆ ಏನು ಮಾಡುವುದಕ್ಕೂ ಮೊದಲು ಮೂರು ಪ್ರಶ್ನೆ ಕೇಳಿದೆ. ಈ ಕಿವಿ ಯಾವಾಗಾದರೂ ಸೋರಿದೆಯಾ? ತಮಟೆ ತೂತಾಗಿದೆ ಅಂತ ಯಾರಾದರೂ ಹೇಳಿದ್ದಾರಾ? ಕಿವಿಗೆ ಆಪರೇಷನ್ ಆಗಿದೆಯಾ? ಒಂದಕ್ಕೆ ಹೌದು ಅಂದರೂ ಎಣ್ಣೆ, ನೀರು ಏನೂ ಬಿಡಬಾರದು. ಇವನದ್ದು ಮೂರಕ್ಕೂ ಇಲ್ಲ.

ಆ ಕಿವಿ ಮೇಲೆ ಬರುವ ಹಾಗೆ ಮಲಗಿಸಿದೆ. ನಾನು ಲಿಕ್ವಿಡ್ ಪ್ಯಾರಾಫಿನ್ ಬಳಸುತ್ತೇನೆ, ಮನೆಯಲ್ಲಾದರೆ ತೆಂಗಿನೆಣ್ಣೆ ಸಾಕು. ಮೈ ಬಿಸಿಗಿಂತ ಜಾಸ್ತಿ ಬಿಸಿ ಬೇಡ, ತಣ್ಣಗೂ ಇರಬಾರದು. ತಣ್ಣಗಿದ್ದರೆ ತಲೆ ತಿರುಗುತ್ತದೆ. ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆದು, ದಾರಿ ತುಂಬಿ ಹೊರಗೆ ಕಾಣುವ ತನಕ ಬಿಟ್ಟೆ. ಸಣ್ಣ ಗುಳ್ಳೆಗಳು ಬಂದವು. ಹುಳ ಒದ್ದಾಡಿತು, ಅವನು ಹಲ್ಲು ಕಚ್ಚಿದ. ಸ್ವಲ್ಪ ಹೊತ್ತಿಗೆ "ನಿಂತ್ತು ಡಾಕ್ಟ್ರೇ" ಅಂದ. ಆ ಮುಖ ಸಡಿಲವಾದದ್ದು ಈಗಲೂ ಕಣ್ಣ ಮುಂದಿದೆ. ಆದರೂ ಹತ್ತು ನಿಮಿಷ ಹಾಗೇ ಮಲಗಿಸಿದೆ, ಅರೆಜೀವ ಇದ್ದರೆ ಮುಟ್ಟಿದ ಕೂಡಲೇ ಮತ್ತೆ ಒದ್ದಾಡುತ್ತದೆ.

ಮನೆಯಲ್ಲಿ ಮಾಡಬಹುದಾದ ಕೆಲಸ ಇಲ್ಲಿಗೆ ಮುಗಿಯಿತು. ಮಗ್ಗುಲು ತಿರುಗಿದಾಗ ಹುಳ ಎಣ್ಣೆಯೊಡನೆ ತಾನಾಗಿ ಹೊರಬಿದ್ದರೆ ಒಳ್ಳೆಯದು. ಬೀಳದಿದ್ದರೆ ಕೆದಕದೆ ಬರಬೇಕು. ಸತ್ತ ಹುಳಕ್ಕೆ ಅವಸರವಿಲ್ಲ, ಆದರೆ ದಿನಗಟ್ಟಲೆ ಬಿಟ್ಟರೆ ಕಿವಿ ಊದಿ ಕೀವಾಗುತ್ತದೆ.

ಹಣೆಗೆ ಲೈಟು ಕಟ್ಟಿ, ಮೊಸಳೆ ಬಾಯಿಯಂಥ ಸಣ್ಣ ಇಕ್ಕಳದಲ್ಲಿ ಬೆನ್ನು ಹಿಡಿದೆ. ಒಂದು ರೆಕ್ಕೆ ಮಾತ್ರ ಕಿತ್ತು ಬಂತು. ಎರಡನೇ ಸಲ ಇನ್ನೂ ಆಳಕ್ಕೆ ಹೋಗಿ ಹಿಡಿದಾಗ ಮೈ ಬಂತು, ಅಕ್ಕಿಕಾಳಿಗಿಂತ ತುಸು ದೊಡ್ಡ ಜೀರುಂಡೆ. ಅದನ್ನು ಬಿಳಿ ಬಟ್ಟೆಯ ಮೇಲಿಟ್ಟು ಕಾಲು ಎಣಿಸಿದೆ. ಐದೇ ಇದ್ದವು. ಮತ್ತೆ ನೋಡಿದರೆ ಆರನೆಯದು ತಮಟೆಯ ಹತ್ತಿರ ಅಂಟಿತ್ತು. ಅದನ್ನು ಸಣ್ಣ ನಳಿಗೆಯಿಂದ ಎಳೆದುಕೊಂಡೆ. ಇದನ್ನು ಬಿಟ್ಟರೆ ಒಳಗೆ ಕೊಳೆತು ಉರಿ ಬರುತ್ತದೆ, ಹಾಗಾಗಿ ಎಣಿಸದೆ ನಾನು ಯಾರನ್ನೂ ಕಳಿಸುವುದಿಲ್ಲ. ತಮಟೆ ಸರಿಯಾಗಿತ್ತು. ಗೀರಿಗೆ ಐದು ದಿನ ಆಂಟಿಬಯೋಟಿಕ್ ಹನಿ ಕೊಟ್ಟೆ, ಒಂದು ವಾರ ಕಿವಿಗೆ ನೀರು ಹೋಗಬಾರದು ಅಂದೆ.

ಹೊರಡುವಾಗ ಅವಳು ಕೇಳಿದಳು, "ಮಕ್ಕಳು ಕಾಳು ಹಾಕಿಕೊಂಡರೂ ಎಣ್ಣೆ ಬಿಡುವುದಾ?" ಒಳ್ಳೆಯ ಪ್ರಶ್ನೆ. ಅಲ್ಲ. ಎಣ್ಣೆ ಜೀವ ಇರುವ ಹುಳಕ್ಕೆ ಮಾತ್ರ. ಹುರುಳಿ, ಕಡಲೆ ಹೋದರೆ ನೀರು ಬಿಡಲೇಬಾರದು, ಊದಿ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ಆಟಿಕೆಯ ಗುಂಡಿ ಬ್ಯಾಟರಿ ಹೋದರೆ ಏನೂ ಬಿಡದೆ ಅದೇ ಗಳಿಗೆಗೆ ಆಸ್ಪತ್ರೆಗೆ ಓಡಬೇಕು, ಕೆಲವೇ ಗಂಟೆಗಳಲ್ಲಿ ಅದು ಒಳಗಿನ ಚರ್ಮ ಸುಡುತ್ತದೆ. ಮಗು ತಲೆ ಅಲ್ಲಾಡಿಸುತ್ತಿದ್ದರೆ ನಾನೂ ಬಲವಂತ ಮಾಡುವುದಿಲ್ಲ. ಒಂದು ಸಲ ನೋಡುತ್ತೇನೆ, ಆಗದಿದ್ದರೆ ಮಂಗಳೂರಿನ ಕಿವಿ ಡಾಕ್ಟರ ಹತ್ತಿರ ಕಳಿಸುತ್ತೇನೆ. ಅಲ್ಲಿ ಅರಿವಳಿಕೆ ಕೊಟ್ಟು ಮೈಕ್ರೋಸ್ಕೋಪ್ ಕೆಳಗೆ ತೆಗೆಯುತ್ತಾರೆ.

ಆರನೇ ದಿನ ಅವನು ಬಂದ. ಗೀರು ಮಾಸಿತ್ತು, ಎರಡೂ ಕಿವಿ ಒಂದೇ ಹಾಗೆ ಕೇಳುತ್ತಿತ್ತು. ಈಗ ಟ್ಯಾಪಿಂಗಿಗೆ ಹೋಗುವಾಗ ಕಿವಿ ಮುಚ್ಚುವ ಹಾಗೆ ಮುಂಡಾಸು ಕಟ್ಟುತ್ತಾನಂತೆ.