ಕ್ಯಾಶ್‌ಲೆಸ್ ಇಲ್ಲ ಎಂದವರಿಗೆ ನಾನು ಬರೆದ ಪತ್ರ

ಆಸ್ಪತ್ರೆಯ ಬಿಲ್ಲನ್ನು ನೇರ ಕಟ್ಟಲು ಆಗುವುದಿಲ್ಲ ಎಂದು ಆರೋಗ್ಯ ವಿಮಾ ಕಂಪನಿ ಕಳಿಸುವ ಕ್ಯಾಶ್‌ಲೆಸ್ ತಿರಸ್ಕಾರದ ಪತ್ರದಲ್ಲಿ ಗಮನವಿಟ್ಟು ಓದಬೇಕಾದ ವಾಕ್ಯ ಸಾಮಾನ್ಯವಾಗಿ ಒಂದೇ ಇರುತ್ತದೆ. ಉಳಿದದ್ದೆಲ್ಲ ಎಲ್ಲರಿಗೂ ಕಳಿಸುವ ಅಚ್ಚಿನ ಮಾತು. ನನ್ನ ತಮ್ಮನ ಪತ್ರದಲ್ಲಿ ಆ ವಾಕ್ಯದ ಸಾರ ಇಷ್ಟು: ರೋಗಿಗೆ 3-7-2024ರಿಂದ ಹೊಟ್ಟೆನೋವಿದೆ, ಪಾಲಿಸಿ ಶುರುವಾಗಿದ್ದು 1-9-2024ಕ್ಕೆ, ಹಾಗಾಗಿ ಇದು ಪಾಲಿಸಿಗೆ ಮೊದಲೇ ಇದ್ದ ಕಾಯಿಲೆ, ಪಾಲಿಸಿಯ Excl01 ಎಂಬ ಷರತ್ತಿನ ಪ್ರಕಾರ ಕ್ಯಾಶ್‌ಲೆಸ್ ಕೊಡಲು ಬರುವುದಿಲ್ಲ.

ತಮ್ಮನಿಗೆ ಅಪೆಂಡಿಕ್ಸ್ ಒಡೆದಿತ್ತು. ನವೆಂಬರ್ 16ರ ರಾತ್ರಿ ದಾವಣಗೆರೆಯ ಒಂದು ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋದೆವು, ಬೆಳಗಾಗುವುದರೊಳಗೆ ಆಪರೇಷನ್ ಆಯಿತು. ನೋವು ಶುರುವಾಗಿ ಮೂರು ದಿನವಾಗಿತ್ತು. ಗ್ಯಾಸ್ಟ್ರಿಕ್ ಇರಬೇಕು ಎಂದು ಅವನು ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ನುಂಗುತ್ತಿದ್ದ. ಹಾಗಾದರೆ ಜುಲೈ 3 ಎಲ್ಲಿಂದ ಬಂತು? ಆ ದಿನಾಂಕವನ್ನು ನಾವ್ಯಾರೂ ಬಾಯಲ್ಲೂ ಹೇಳಿರಲಿಲ್ಲ.

ಕಸ್ಟಮರ್ ಕೇರ್‌ನವರು ಪತ್ರದಲ್ಲಿದ್ದುದನ್ನೇ ಓದಿ ಹೇಳಿದರು. ಅಲ್ಲಿ ಕೂತವರ ಮುಂದೆ ಇರುವುದೂ ಅದೇ ಪತ್ರ, ಅವರೇನು ಮಾಡಿಯಾರು. ಉತ್ತರ ಆಸ್ಪತ್ರೆಯ ಕಾಗದದಲ್ಲೇ ಸಿಗಬೇಕಿತ್ತು. ರೋಗಿ ಲಿಖಿತವಾಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದು ವೈದ್ಯರ ನಡವಳಿಕೆಗೆ ಸಂಬಂಧಿಸಿದ 2002ರ ನಿಯಮದಲ್ಲಿದೆ. ಡಿಸ್ಚಾರ್ಜ್ ಸಮ್ಮರಿ ಒಂದನ್ನೇ ಅಲ್ಲ, ಕೇಸ್ ಶೀಟಿನ ಎಲ್ಲ ಹಾಳೆ ಮತ್ತು ಕ್ಯಾಶ್‌ಲೆಸ್‌ಗೆ ಒಪ್ಪಿಗೆ ಕೇಳಿ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್ ಕಂಪನಿಗೆ ಕಳಿಸಿದ ಪ್ರೀ-ಆಥ್ ಫಾರಂನ ಪ್ರತಿ ಬೇಕೆಂದು ಬರೆದು ಕೊಟ್ಟೆ. ಈ ಫಾರಂ ಕೇಳುವವರು ಕಡಿಮೆ. ಆದರೆ ಕ್ಯಾಶ್‌ಲೆಸ್ ಕೊಡಬೇಕೋ ಬೇಡವೋ ಎಂದು ಕಂಪನಿ ತೀರ್ಮಾನಿಸುವುದು ಮುಖ್ಯವಾಗಿ ಅದನ್ನು ನೋಡಿ. ಕಾಯಿಲೆ ಎಷ್ಟು ದಿನದಿಂದ ಇದೆ, ಮೊದಲ ಸಲ ಡಾಕ್ಟರಿಗೆ ತೋರಿಸಿದ್ದು ಯಾವಾಗ, ಹಳೆಯ ಕಾಯಿಲೆ ಏನಾದರೂ ಇದೆಯೇ ಎಂಬ ಕಾಲಂಗಳು ಅದರಲ್ಲಿರುತ್ತವೆ.

ಕೇಸ್ ಶೀಟ್, ಫಾರಂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ವಿಷಯ ತಿಳಿಯಿತು. ಎಮರ್ಜೆನ್ಸಿಯಲ್ಲಿ ಡ್ಯೂಟಿ ಡಾಕ್ಟರ್ ಹೊಟ್ಟೆನೋವಿನ ಮುಂದೆ 3/7 ಎಂದೂ ವಾಂತಿ, ಜ್ವರದ ಮುಂದೆ 1/7 ಎಂದೂ ಬರೆದಿದ್ದರು. ಡಾಕ್ಟರುಗಳ ಬರವಣಿಗೆಯಲ್ಲಿ ಕೆಳಗಿನ 7 ಎಂದರೆ ವಾರದ ಏಳು ದಿನ. 3/7 ಅಂದರೆ ಮೂರು ದಿನ. 3/52 ಅಂದರೆ ಮೂರು ವಾರ, 3/12 ಅಂದರೆ ಮೂರು ತಿಂಗಳು. ಡೆಸ್ಕಿನಲ್ಲಿ ಫಾರಂ ತುಂಬಿದವರು ಅದನ್ನು ಜುಲೈ 3 ಎಂದು ಓದಿ, ಮುಂದೆ 2024 ಸೇರಿಸಿ ಕಳಿಸಿಬಿಟ್ಟಿದ್ದರು. ಪಾಲಿಸಿಗೆ ಇನ್ನೂ ಮೂರು ತಿಂಗಳೂ ತುಂಬಿರಲಿಲ್ಲ. ಅಷ್ಟು ಹೊಸ ಪಾಲಿಸಿಯ ಕ್ಲೇಮ್ ಅಂದರೆ ಕಂಪನಿಗೆ ಮೊದಲೇ ಅನುಮಾನ. ಆ ದಿನಾಂಕ ಕಂಡ ಮೇಲೆ ಕೇಳಬೇಕೇ.

ಸರ್ಜನ್‌ಗೆ ತೋರಿಸಿದೆ. ಅವರು ಹಣೆ ಹಣೆ ಚಚ್ಚಿಕೊಂಡರು. ಪಕ್ಕದಲ್ಲಿದ್ದ ಡೆಸ್ಕಿನವರು, "ಕೇಸ್ ಶೀಟಲ್ಲೇ ಮೂರು ದಿನ ಅಂತ ತಿದ್ದಿ ಕೊಡ್ತೀವಿ ಬಿಡ್ರಿ ಮೇಡಂ" ಎಂದರು. ಬೇಡವೇ ಬೇಡ ಎಂದೆ. ಕಂಪನಿಯವರು ತನಿಖೆಗೆ ಬಂದು ಮೂಲ ಶೀಟ್ ನೋಡಬಹುದು. ತಿದ್ದಿದ ಗುರುತು ಕಂಡರೆ ಅಲ್ಲಿಯವರೆಗೆ ಬರೀ ತಪ್ಪು ಓದಾಗಿದ್ದದ್ದು ವಂಚನೆಯ ಪ್ರಶ್ನೆಯಾಗುತ್ತದೆ. ಮೂಲ ಹಾಳೆ ಇದ್ದ ಹಾಗೇ ಇರಲಿ, ಅದನ್ನು ವಿವರಿಸಿ ಬೇರೆ ಸರ್ಟಿಫಿಕೇಟ್ ಕೊಡಿ ಎಂದು ಸರ್ಜನ್‌ರನ್ನು ಕೇಳಿಕೊಂಡೆ. ಲೆಟರ್‌ಹೆಡ್ಡಿನಲ್ಲಿ, ನೋಂದಣಿ ಸಂಖ್ಯೆ ಮತ್ತು ಸೀಲಿನ ಜೊತೆ ಅವರು ಬರೆದುಕೊಟ್ಟದ್ದು ನಾಲ್ಕೇ ಸಾಲು: 3/7 ಎಂದರೆ ಮೂರು ದಿನ, ಈ ನೋವಿಗೆ ರೋಗಿ ಹಿಂದೆ ಚಿಕಿತ್ಸೆ ಪಡೆದ ದಾಖಲೆ ಇಲ್ಲ, ಆಪರೇಷನ್ ವೇಳೆ ಕಂಡದ್ದು ಅಪೆಂಡಿಕ್ಸಿನ ಹೊಸ ಸೋಂಕು ಮತ್ತು ರಂಧ್ರ, ಆಪರೇಷನ್ ಮುಂದೂಡಿದ್ದರೆ ಜೀವಕ್ಕೆ ಅಪಾಯವಿತ್ತು. "ದಯವಿಟ್ಟು ಮಂಜೂರು ಮಾಡಿ" ಎಂಬಂಥ ಮಾತು ಸರ್ಟಿಫಿಕೇಟಿನಲ್ಲಿ ಇರಬಾರದು. ಅದರಿಂದ ಡಾಕ್ಟರ ಮಾತಿನ ತೂಕ ಇಳಿಯುತ್ತದೆ. ಫಾರಂ ತುಂಬುವಾಗ ತಪ್ಪಾಗಿದೆ ಎಂದು ಡೆಸ್ಕಿನಿಂದಲೂ ಒಂದು ಪತ್ರ ತೆಗೆದುಕೊಂಡೆ. ಅದಕ್ಕೆ ಸ್ವಲ್ಪ ಓಡಾಡಬೇಕಾಯಿತು, ತಪ್ಪು ಒಪ್ಪಿ ಸಹಿ ಹಾಕಲು ಯಾರಿಗೂ ಮನಸ್ಸಿರುವುದಿಲ್ಲ ಅಲ್ವಾ.

ಇಷ್ಟರಲ್ಲಿ ಬಿಲ್ ಕಟ್ಟಿ ಡಿಸ್ಚಾರ್ಜ್ ಮಾಡಿಸಿಕೊಂಡಿದ್ದೆವು, 1,38,400 ರೂಪಾಯಿ. ಕ್ಯಾಶ್‌ಲೆಸ್ ಸಿಗದಿದ್ದರೆ ಕ್ಲೇಮೇ ಮುಗಿಯಿತು ಎಂದು ತುಂಬಾ ಜನ ಸುಮ್ನಾಗುತ್ತಾರೆ. ಹಾಗಲ್ಲ. ಕ್ಯಾಶ್‌ಲೆಸ್ ಅಂದರೆ ಹಣ ನೇರ ಆಸ್ಪತ್ರೆಗೆ ಹೋಗುವ ವ್ಯವಸ್ಥೆ, ಅಷ್ಟೇ. ಅದು ತಪ್ಪಿದರೂ ರೀಇಂಬರ್ಸ್‌ಮೆಂಟ್, ಅಂದರೆ ನಾವು ಕಟ್ಟಿದ ಹಣವನ್ನು ವಾಪಸ್ ಕೇಳುವ ಹಕ್ಕು ಉಳಿಯುತ್ತದೆ. ಆದರೆ ಹಳೆಯ ಕಾರಣ ಫೈಲಿನಲ್ಲಿ ಹಾಗೇ ಕೂತಿರುತ್ತದೆ. ಅದನ್ನು ಕಿತ್ತು ಹಾಕದೆ ಬರೀ ಬಿಲ್ ಕಳಿಸಿದರೆ ಅದೇ ಕಾರಣಕ್ಕೆ ಇದೂ ತಿರಸ್ಕಾರವಾಗುತ್ತದೆ. ಹಾಗಾಗಿ ಒಂದೇ ದಿನ ಎರಡು ಕೆಲಸ ಮಾಡಿದೆ. ರೀಇಂಬರ್ಸ್‌ಮೆಂಟ್ ಫಾರಂ ಮತ್ತು ಮೂಲ ಬಿಲ್ಲುಗಳು ಕ್ಲೇಮ್ ವಿಭಾಗಕ್ಕೆ. ಮೇಲ್ಮನವಿ ಪತ್ರ ಕಂಪನಿಯಲ್ಲಿ ದೂರುಗಳನ್ನು ನೋಡುವ ಗ್ರೀವೆನ್ಸ್ ಅಧಿಕಾರಿಗೆ, ಅದರ ಪ್ರತಿ ರೀಇಂಬರ್ಸ್‌ಮೆಂಟ್ ಫೈಲಿನ ಮೇಲೆ. ಗ್ರೀವೆನ್ಸ್ ಅಧಿಕಾರಿಯ ಇಮೇಲ್ ಪಾಲಿಸಿ ಪುಸ್ತಕದ ಕೊನೆಯ ಪುಟಗಳಲ್ಲೂ ಕಂಪನಿಯ ವೆಬ್‌ಸೈಟಿನಲ್ಲೂ ಇರುತ್ತದೆ. ಬಿಲ್ ಕೊಡಲು ನಮ್ಮ ಪಾಲಿಸಿಯಲ್ಲಿ ಡಿಸ್ಚಾರ್ಜ್ ಆದ ಮೇಲೆ 30 ದಿನದ ಗಡುವು ಇತ್ತು. ಅಷ್ಟರೊಳಗೆ ಬಯಾಪ್ಸಿ ವರದಿ ಬಂದದ್ದು ಪುಣ್ಯ.

ಆ ವರದಿಯ ಬೆಲೆ ನನಗೆ ಸರ್ಜನ್ ಹೇಳಿದ ಮೇಲೇ ಗೊತ್ತಾದದ್ದು. ತೆಗೆದ ಅಪೆಂಡಿಕ್ಸನ್ನು ಲ್ಯಾಬಿಗೆ ಕಳಿಸುತ್ತಾರೆ, ವರದಿ ಬರುವಷ್ಟರಲ್ಲಿ ರೋಗಿ ಮನೆಗೆ ಹೋಗಿರುತ್ತಾನೆ, ಕಾಗದ ಅಲ್ಲೇ ಉಳಿಯುತ್ತದೆ. ಅದರಲ್ಲಿ ತೀವ್ರ ಸೋಂಕು, ಕೀವು, ರಂಧ್ರ ಎಂದಿತ್ತು. ಬಹುಕಾಲದ ಉರಿಯೂತದಿಂದ ಆಗುವ ಗಟ್ಟಿ ನಾರಿನ ಬದಲಾವಣೆಯ ಮಾತೇ ಇರಲಿಲ್ಲ. ರೋಗಿ ಏನು ಹೇಳಿದ, ಡಾಕ್ಟರ್ ಏನು ಬರೆದರು ಎಂದು ಯಾರು ಬೇಕಾದರೂ ವಾದ ಮಾಡಬಹುದು. ಇದು ದೇಹದ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಬರೆದದ್ದು.

ಪತ್ರ ಒಂದೂವರೆ ಪುಟ. ಕಂಪನಿಯ ಜೊತೆಗಿನ ಪತ್ರವ್ಯವಹಾರ ಇಂಗ್ಲಿಷಿನಲ್ಲಿತ್ತು, ನಾನೂ ಅದರಲ್ಲೇ ಬರೆದೆ. ವಿಷಯದ ಸಾಲಿನಲ್ಲಿ ಪಾಲಿಸಿ ನಂಬರ್, ಕ್ಲೇಮ್ ನಂಬರ್, ಜೊತೆಗೆ ‘ಗ್ರೀವೆನ್ಸ್’ ಎಂಬ ಪದ. ಅದಿಲ್ಲದಿದ್ದರೆ ಪತ್ರವನ್ನು ಬರೀ ವಿಚಾರಣೆ ಎಂದು ದಾಖಲಿಸಿ, ನಿಮ್ಮ ಮೇಲ್ ತಲುಪಿದೆ ಎಂಬ ಉತ್ತರದಲ್ಲಿ ಮುಗಿಸಬಹುದು. ಪಾಲಿಸಿ ತಮ್ಮನ ಹೆಸರಿನಲ್ಲಿದೆ, ಆದ್ದರಿಂದ ಸಹಿ ಅವನದು, ಮೇಲ್ ಹೋದದ್ದೂ ಅವನ ನೋಂದಾಯಿತ ಐಡಿಯಿಂದ. ಮುಖ್ಯ ಭಾಗ ಕನ್ನಡದಲ್ಲಿ ಹೀಗಾಗುತ್ತದೆ:

"ನಿಮ್ಮ ತಿರಸ್ಕಾರಕ್ಕೆ ಇರುವ ಒಂದೇ ಕಾರಣ ನೋವು 3-7-2024ರಿಂದ ಇತ್ತು ಎಂಬುದು. ಈ ದಿನಾಂಕ ಎಮರ್ಜೆನ್ಸಿ ಶೀಟಿನಲ್ಲಿ ಇಲ್ಲ. ಅಲ್ಲಿರುವುದು 3/7, ಅಂದರೆ ಮೂರು ದಿನ (ಶೀಟ್: ಲಗತ್ತು 2; ಸರ್ಜನ್ ಸರ್ಟಿಫಿಕೇಟ್: ಲಗತ್ತು 3; ಆಸ್ಪತ್ರೆಯ ಪತ್ರ: ಲಗತ್ತು 4). ಅದೇ ಶೀಟಿನಲ್ಲಿ ವಾಂತಿ ಮತ್ತು ಜ್ವರಕ್ಕೆ 1/7 ಎಂದಿದೆ. ಇವನ್ನು ದಿನಾಂಕ ಎಂದು ಓದಿದರೆ ರೋಗಿಗೆ ಜುಲೈ 1ರಿಂದ ನವೆಂಬರ್ 16ರವರೆಗೆ ವಾಂತಿ ಮತ್ತು ಜ್ವರ ಇತ್ತು ಎಂದಾಗುತ್ತದೆ. ದಾಖಲಾದಾಗ ಬಿಳಿ ರಕ್ತಕಣ 17,800 ಇತ್ತು (ಲಗತ್ತು 5). ಬಯಾಪ್ಸಿ ತೀವ್ರ ಸೋಂಕು ಮತ್ತು ರಂಧ್ರ ಎನ್ನುತ್ತದೆ (ಲಗತ್ತು 7).

ಒಂದು ವೇಳೆ ನೋವು ಮೊದಲೇ ಇತ್ತು ಎಂದು ವಾದಕ್ಕೆ ಇಟ್ಟುಕೊಂಡರೂ, ನಿಮ್ಮ ಪಾಲಿಸಿಯ ವ್ಯಾಖ್ಯೆಯಂತೆ ಮೊದಲೇ ಇದ್ದ ಕಾಯಿಲೆ ಎನ್ನಲು ಪಾಲಿಸಿಗೆ ಮುಂಚಿನ 36 ತಿಂಗಳಲ್ಲಿ ವೈದ್ಯರು ಅದನ್ನು ಪತ್ತೆ ಮಾಡಿರಬೇಕು, ಅಥವಾ ಅದಕ್ಕೆ ಸಲಹೆ, ಚಿಕಿತ್ಸೆ ಸೂಚಿಸಿರಬೇಕು ಇಲ್ಲವೇ ಕೊಟ್ಟಿರಬೇಕು. ಅಂಥ ದಾಖಲೆ ನಿಮ್ಮಲ್ಲಿದ್ದರೆ ಪ್ರತಿ ಕೊಡಿ."

ಈ ಎರಡು ವಾದಗಳ ಕ್ರಮ ಬಹಳ ಮುಖ್ಯ ಎಂದು ನನ್ನ ಅಭಿಪ್ರಾಯ. ವ್ಯಾಖ್ಯೆಯ ವಾದವೇ ಕಾನೂನಿನ ದೃಷ್ಟಿಯಿಂದ ಗಟ್ಟಿ ಅನಿಸಬಹುದು. ಆದರೆ ಅದನ್ನು ಮುಂದಿಟ್ಟರೆ ನೋವು ಇದ್ದದ್ದು ನಿಜ, ಈಗ ತಾಂತ್ರಿಕ ನೆಪ ಹುಡುಕುತ್ತಿದ್ದಾರೆ ಎಂದು ಓದುವವರಿಗೆ ಅನಿಸುತ್ತದೆ. ಮೊದಲು ಸತ್ಯ ನಿಲ್ಲಬೇಕು, ಆಮೇಲೆ ‘ಒಂದು ವೇಳೆ’. ಹೊಸ ಪಾಲಿಸಿಯಲ್ಲಿ ಕಾಯಿಲೆಗೆ ಕ್ಲೇಮ್ ಸಿಗದ 30 ದಿನದ ಆರಂಭಿಕ ಕಾಯುವ ಅವಧಿ ಮುಗಿದಿತ್ತು ಎಂಬುದನ್ನು ಒಂದೇ ಸಾಲಿನಲ್ಲಿ ಸೇರಿಸಿದೆ, ಮುಂದೆ ಅದನ್ನು ಎತ್ತದಿರಲಿ ಎಂದು. ನಾವು ಪಟ್ಟ ಪಾಡು, ಸಾಲ ಮಾಡಿದ್ದು, ಡೆಸ್ಕಿನವರ ಮಾತು, ಇವನ್ನೆಲ್ಲ ಬರೆದು ಅಳಿಸಿದೆ. ಫೈಲ್ ನೋಡುವ ವೈದ್ಯರಿಗೆ ಅದರಿಂದ ತೀರ್ಮಾನ ಬದಲಿಸಲು ಆಧಾರ ಸಿಗುವುದಿಲ್ಲ.

ಕೊನೆಯ ಪ್ಯಾರಾದಲ್ಲಿ ಬೇಡಿಕೆ. 1,38,400 ರೂಪಾಯಿಯ ಕ್ಲೇಮ್ ಮಂಜೂರು ಮಾಡಿ. ಮತ್ತೆ ತಿರಸ್ಕರಿಸುವುದಾದರೆ ಪಾಲಿಸಿಯ ಯಾವ ಷರತ್ತು, ಯಾವ ದಾಖಲೆ ಎಂದು ಬರೆದು ತಿಳಿಸಿ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2024ರ ಮೇ 29ರಂದು ಹೊರಡಿಸಿದ ಮಾಸ್ಟರ್ ಸರ್ಕ್ಯುಲರ್ ಪ್ರಕಾರ, ಕಂಪನಿಯ ಕ್ಲೇಮ್ಸ್ ರಿವ್ಯೂ ಕಮಿಟಿಯಂಥ ಸಮಿತಿಯ ಒಪ್ಪಿಗೆ ಇಲ್ಲದೆ ಆರೋಗ್ಯ ವಿಮೆಯ ಕ್ಲೇಮ್ ತಿರಸ್ಕರಿಸುವಂತಿಲ್ಲ. ಆ ಒಪ್ಪಿಗೆ ಆಗಿದೆಯೇ ಎಂದೂ ಕೇಳಿದೆ. ಬೆದರಿಕೆಯ ದನಿ ಬೇಕಿಲ್ಲ. ಈ ಪ್ರಶ್ನೆ ಇದ್ದರೆ ಫೈಲ್ ಕೆಳಗಿನ ಮೇಜಿನಲ್ಲೇ ಮುಗಿಯುವುದು ಕಷ್ಟ.

ಗ್ರೀವೆನ್ಸಿಗೆ ಕಂಪನಿ 14 ದಿನದಲ್ಲಿ ಉತ್ತರ ಕೊಡಬೇಕು. ಅದೇ ಪತ್ರವನ್ನು ನಿಯಂತ್ರಕರ bimabharosa.irdai.gov.in ಪೋರ್ಟಲ್‌ನಲ್ಲೂ ಹಾಕಿ ಟೋಕನ್ ನಂಬರ್ ಬರೆದಿಟ್ಟುಕೊಂಡೆ. ಪೋರ್ಟಲ್ ತಾನೇ ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೇ ಕಳಿಸುತ್ತದೆ. ಆದರೆ ದೂರಿಗೆ ದಿನಾಂಕ ಬೀಳುತ್ತದೆ. ಕಂಪನಿ ಒಪ್ಪದಿದ್ದರೆ, ಅಥವಾ ಒಂದು ತಿಂಗಳು ಉತ್ತರವೇ ಬಾರದಿದ್ದರೆ, ಮುಂದಿನ ಜಾಗ ಇಂಥ ದೂರುಗಳನ್ನು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್. ಕರ್ನಾಟಕಕ್ಕೆ ಅದರ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕ ಇಲ್ಲ, ವಕೀಲರು ಬೇಡ, ಒಂದು ವರ್ಷದೊಳಗೆ ಹೋಗಬೇಕು. ಲಗತ್ತುಗಳಿಗೆ ನಂಬರ್ ಹಾಕಿ ಇನ್ನೊಂದು ಸೆಟ್ ಜೆರಾಕ್ಸ್ ಅದಕ್ಕೇ ಎಂದು ಇಟ್ಟಿದ್ದೆ.

ಅದು ಬೇಕಾಗಲಿಲ್ಲ. ಗಡುವಿನೊಳಗೆ ಕಂಪನಿಯ ವೈದ್ಯರೊಬ್ಬರು ಸರ್ಜನ್‌ಗೆ ಫೋನ್ ಮಾಡಿ ಸರ್ಟಿಫಿಕೇಟ್ ಅವರದೇನಾ ಎಂದು ಕೇಳಿದರಂತೆ. ಆಮೇಲೆ ಕ್ಲೇಮ್ ಮಂಜೂರಾಗಿ 1,29,150 ರೂಪಾಯಿ ತಮ್ಮನ ಖಾತೆಗೆ ಬಂತು. ಕಡಿತದ ಪಟ್ಟಿಯಲ್ಲಿ ಗ್ಲೌಸ್, ಮಾಸ್ಕ್, ನೋಂದಣಿ ಶುಲ್ಕ ಇತ್ಯಾದಿ ಇದ್ದವು. ಅವು ನಮ್ಮ ಪಾಲಿಸಿಯಲ್ಲಿ ಕೊಡದ ವಸ್ತುಗಳ ಪಟ್ಟಿಯಲ್ಲೇ ಇದ್ದದ್ದರಿಂದ ಬಿಟ್ಟೆ. ಬಯಾಪ್ಸಿಯ 1,800 ರೂಪಾಯಿಯನ್ನೂ ಕಡಿದಿದ್ದರು, ವರದಿಯ ದಿನಾಂಕ ಡಿಸ್ಚಾರ್ಜ್ ಆದ ನಂತರದ್ದು ಎಂದು. ನಮ್ಮ ಪಾಲಿಸಿಯಲ್ಲಿ ಡಿಸ್ಚಾರ್ಜ್ ನಂತರದ 60 ದಿನದ ಖರ್ಚೂ ಸೇರಿದೆ. ಷರತ್ತಿನ ನಂಬರ್ ಹಾಕಿ ಎರಡು ಸಾಲಿನ ಮೇಲ್ ಕಳಿಸಿದೆ. ಆ ಹಣವೂ ಬಂತು.