ಆರು ಪುಟದ ಚರಿತ್ರೆ ತೂಬಿನ ಬಳಿಯ ಚೌಕಾಸಿಯಾದದ್ದು

ನನ್ನ ಫ್ಯಾಂಟಸಿ ಕಾದಂಬರಿಯ ಊರಲ್ಲಿ ನೀರಿಗೆ ದುಡ್ಡು ಕೊಡುವುದಿಲ್ಲ, ನೆನಪು ಕೊಡುತ್ತಾರೆ. ಗದ್ದೆಗೆ ಒಂದು ರಾತ್ರಿ ನೀರು ಬೇಕಾದರೆ ಮನೆಯವರೊಬ್ಬರು ತಮ್ಮ ಒಂದು ನೆನಪನ್ನು ಹೊಳೆಗೆ ಹೇಳಬೇಕು. ಹೇಳಿದ ಮೇಲೆ ಅದು ಅವರಿಗೆ ಮರೆತುಹೋಗುತ್ತದೆ. ಮೊದಲ ಕರಡಿನಲ್ಲಿ ಇದನ್ನೆಲ್ಲ ಶುರುವಿನಲ್ಲೇ ಆರು ಪುಟ ವಿವರಿಸಿದ್ದೆ. ಹೊಳೆಗೆ ಶಾಪ ಬಂದದ್ದು, ಏಳು ರಾಜರ ವಂಶ, ಊರಿನ ತಿಂಗಳುಗಳ ಹೆಸರು, ಎಲ್ಲ ಇತ್ತು. ನಾಯಕಿ ಚೆನ್ನಿ ಬರುತ್ತಿದ್ದದ್ದು ಏಳನೇ ಪುಟಕ್ಕೆ.

ಮಂಡ್ಯದಲ್ಲಿರುವ ಅತ್ತಿಗೆಗೆ ಓದಲು ಕೊಟ್ಟೆ. ಮನಸ್ಸು ಬೇರೆ ಕಡೆ ಹೋದ ಜಾಗದಲ್ಲಿ ಪೆನ್ಸಿಲ್ ಗೆರೆ ಹಾಕಿ ಎಂದಿದ್ದೆ. ಮೊದಲ ಗೆರೆ ಎರಡನೇ ಪುಟದಲ್ಲೇ ಬಿದ್ದಿತ್ತು, ಮೂರನೇ ರಾಜನ ಹೆಸರಿನ ಪಕ್ಕ. "ಇನ್ನೂ ಯಾರ ಪರಿಚಯವೂ ಆಗಿಲ್ಲ, ಇವರ ತಾತ ಮುತ್ತಾತ ಯಾರಾದರೆ ನನಗೇನು?" ಎಂದು ಕೇಳಿದರು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆರು ಪುಟಗಳನ್ನು ಪ್ರಿಂಟ್ ಹಾಕಿಸಿ, ಓದುಗರಿಗೆ ಹೊಸದಾಗಿ ಹೇಳಿದ ಒಂದೊಂದು ಸಂಗತಿಗೂ ನಂಬರ್ ಕೊಟ್ಟೆ. ಒಟ್ಟು 31 ಬಂತು. ಪ್ರತಿಯೊಂದರ ಮುಂದೆಯೂ ಬರೆದುಕೊಂಡೆ: ಇದು ಗೊತ್ತಿಲ್ಲದಿದ್ದರೆ ಕಥೆಯ ಯಾವ ಘಟನೆ ಅರ್ಥವಾಗುವುದಿಲ್ಲ? ಮೊದಲ ಅಧ್ಯಾಯಕ್ಕೆ ಬೇಕಾದದ್ದು ನಾಲ್ಕೇ. ಹದಿನಾರು ಮುಂದಿನ ಅಧ್ಯಾಯಗಳಿಗೆ ಹೋದವು. ಹನ್ನೊಂದಕ್ಕೆ ಎಲ್ಲೂ ಕೆಲಸವಿರಲಿಲ್ಲ. ಅವು ನನ್ನ ನೋಟ್‌ಬುಕ್‌ನಲ್ಲೇ ಉಳಿದವು.

ಆಮೇಲಿನದೇ ಕಷ್ಟ. ನಾಲ್ಕು ಸಂಗತಿಯನ್ನು ದೃಶ್ಯ ಮಾಡಲು ಹೋಗಿ ಮೊದಲು ಹೀಗೆ ಬರೆದೆ. ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಅಜ್ಜ ಹೇಳುತ್ತಾನೆ: "ಚೆನ್ನಿ, ನಿನಗೇ ಗೊತ್ತಿರುವ ಹಾಗೆ ನಮ್ಮ ಊರಲ್ಲಿ ನೀರಿಗೆ ನೆನಪೇ ಬೆಲೆ." ಗೊತ್ತಿದ್ದ ಮೇಲೆ ಯಾಕೆ ಹೇಳುತ್ತಾನೆ? ಅದೇ ವಿವರಣೆಗೆ ಸುಮ್ನೆ ಉದ್ಧರಣ ಚಿಹ್ನೆ ತೊಡಿಸಿದ್ದೆ, ಅಷ್ಟೇ.

ಆಗ ನಮ್ಮಪ್ಪನ ಜೊತೆ ನಾಲೆಗೆ ಹೋಗುತ್ತಿದ್ದ ರಾತ್ರಿಗಳು ನೆನಪಾದವು. ಸರದಿಯ ಮೇಲೆ ನೀರು ಬಿಡುವ ಕಟ್ಟು ನೀರಿನ ಪದ್ಧತಿ ಏನೆಂದು ಅಪ್ಪ ನನಗೆ ಯಾವತ್ತೂ ಕೂರಿಸಿ ಹೇಳಲಿಲ್ಲ. ಪಕ್ಕದ ಗದ್ದೆಯವರು ನಮ್ಮ ಸರದಿಯಲ್ಲಿ ನೀರು ತಿರುಗಿಸಿಕೊಂಡಾಗ ನಡೆದ ಜಗಳದಲ್ಲಿ ಎಲ್ಲ ತಿಳಿಯಿತು. ನಿಯಮವನ್ನು ಯಾರಾದರೂ ತಪ್ಪಿಸಲು ಹೋದಾಗ ಅದು ತಾನಾಗಿ ಹೊರಗೆ ಬರುತ್ತದೆ, ಅಲ್ವಾ? ಹಾಗಾಗಿ ಚೆನ್ನಿಯ ಕೈಯಲ್ಲಿ ಒಂದು ಮೋಸ ಮಾಡಿಸಿದೆ. ಅವಳು ರಾತ್ರಿ ತೂಬಿನ ಹತ್ತಿರ ಬಂದು, ಅಣ್ಣನಿಂದ ಕೇಳಿ ತಿಳಿದ ನೆನಪನ್ನು ತನ್ನದೆಂದು ಕೊಡಲು ನೋಡುತ್ತಾಳೆ.

"ಅಮ್ಮ ಹಾಡುತ್ತಿದ್ದ ಹಾಡು ತಗೋ ಅಜ್ಜ."

"ಅದನ್ನ ಹೋದ ವರ್ಷವೇ ಕೊಟ್ಟಾಯ್ತಲ್ಲ ಕಣವ್ವ. ಎಲ್ಲಿ, ಒಂದು ಸಾಲು ಹೇಳು ನೋಡೋಣ."

ಚೆನ್ನಿ ಬಾಯಿ ತೆರೆದಳು. ಏನೂ ಬರಲಿಲ್ಲ.

ನೀರಿಗೆ ನೆನಪು ಬೆಲೆ, ಕೊಟ್ಟದ್ದು ಮರಳಿ ಬರುವುದಿಲ್ಲ, ಕೇಳಿ ತಿಳಿದದ್ದು ಲೆಕ್ಕಕ್ಕಿಲ್ಲ, ಅಮ್ಮ ಇಲ್ಲ. ನಾಲ್ಕೂ ಇದರಲ್ಲಿ ಬಂದುಬಿಟ್ಟವು.

ಖುಷಿಯಲ್ಲಿ ವಿವರಣೆ ಪೂರಾ ತೆಗೆದುಹಾಕಿದೆ. ಅದೂ ತಪ್ಪಾಯಿತು. ಮೈಸೂರಿನ ಗೆಳೆಯನಿಗೆ ಓದಲು ಕೊಟ್ಟು, ಹಸ್ತಪ್ರತಿ ಮುಚ್ಚಿಸಿ, "ಹೊಳೆ ಏನು ತಗೊಳ್ಳುತ್ತೆ?" ಎಂದು ಕೇಳಿದೆ. "ನೆನಪು ಅಂದರೆ ಕವಿತೆಯ ಮಾತಲ್ವಾ? ನಿಜವಾಗಿ ಕೊಡೋದು ಕಂಬಳಿಯೋ ಅಕ್ಕಿಯೋ ಏನೋ ಇರಬೇಕು ಅಂದ್ಕೊಂಡೆ" ಎಂದ. ಫ್ಯಾಂಟಸಿಯಲ್ಲಿ ಈ ಅಪಾಯ ಜಾಸ್ತಿ. ಅಲ್ಲಿ ಅಕ್ಷರಶಃ ನಡೆಯುವುದನ್ನೂ ಓದುಗರು ಉಪಮೆ ಎಂದು ತಿಳಿಯಬಹುದು. ಅದಕ್ಕೇ ಚೆನ್ನಿಯ ಬಾಯಿ ಕಟ್ಟಿದ ಮೇಲೆ ಎರಡು ನೇರ ವಾಕ್ಯ ಸೇರಿಸಿದೆ: "ಹೊಳೆಗೆ ಹೇಳಿದ ನೆನಪು ಹೇಳಿದವರಲ್ಲಿ ಉಳಿಯುವುದಿಲ್ಲ. ಬೆಳಗಾಗುವಷ್ಟರಲ್ಲಿ ಅದು ಇತ್ತೆಂಬುದೂ ಮರೆಯುತ್ತದೆ." ಇವೇ ಮಾತು ಆ ಆರು ಪುಟದ ವಿವರಣೆಯಲ್ಲಿದ್ದಾಗ ಅತ್ತಿಗೆ ಹಾರಿಸಿಬಿಟ್ಟಿದ್ದರು. ಈಗ ಓದುವವರ ಮನಸ್ಸಿನಲ್ಲಿ ಪ್ರಶ್ನೆ ಎದ್ದ ಮೇಲೆ ಬರುತ್ತವೆ.

ಮುಂದಕ್ಕೆ ಹಾಕಿದ ಹದಿನಾರರಲ್ಲಿ ಒಂದರ ಬಗ್ಗೆ ಮಾತ್ರ ತುಂಬ ಯೋಚಿಸಿದೆ. ಮರೆತದ್ದನ್ನು ಇನ್ನೊಬ್ಬರು ಬಾಯಿಪಾಠ ಮಾಡಿ ಉಳಿಸಿಕೊಂಡರೆ ಹೊಳೆಗೆ ಅದರ ಮೇಲೆ ಹಿಡಿತವಿಲ್ಲ. ಹತ್ತೊಂಬತ್ತನೇ ಅಧ್ಯಾಯದಲ್ಲಿ ಚೆನ್ನಿ ಗೆಲ್ಲುವುದೇ ಇದರಿಂದ. ಅಲ್ಲೇ ಮೊದಲ ಸಲ ಹೇಳಿದರೆ ಲೇಖಕ ಅನುಕೂಲಕ್ಕೆ ಹುಟ್ಟಿಸಿದ ಎನಿಸುತ್ತದೆ. ಹಾಗಾಗಿ ಎಂಟನೇ ಅಧ್ಯಾಯದಲ್ಲಿ ಅಣ್ಣ ರಾಗಿ ಬೀಸುತ್ತಾ ಅಮ್ಮನ ಆ ಹಾಡನ್ನು ತಪ್ಪುತಪ್ಪಾಗಿ ಗುನುಗುತ್ತಾನೆ. ಚೆನ್ನಿ ಅದನ್ನು ಯಾವುದೋ ಹಾಡು ಎಂದುಕೊಂಡು ಸುಮ್ಮನಾಗುತ್ತಾಳೆ.

ಏಳು ರಾಜರಲ್ಲಿ ಈಗ ಉಳಿದಿರುವುದು ಒಬ್ಬನೇ. ತೂಬಿನ ಪಕ್ಕದ ಕಲ್ಲಿನ ಮೇಲೆ ಅವನ ಹೆಸರು ಅರ್ಧ ಸವೆದಿದೆ. ಚೆನ್ನಿ ಅದರ ಮೇಲೆ ನಿಂತು ಕಾಲಿನ ಕೆಸರು ತೊಳೆಯುತ್ತಾಳೆ.