ಚಾಕಿ ಮನೆಯ ತಾಪಮಾನ ಓದಲು ಎರಡು ತಂತಿ, ಎರಡು ಪಿನ್: ನನ್ನ ಅನುಭವ

ಮಳವಳ್ಳಿ ಕಡೆಯ ಒಂದು ಚಾಕಿ ಮನೆಗೆ ಹೀಟರ್ ಕಂಟ್ರೋಲರ್ ಮಾಡಿಕೊಟ್ಟಿದ್ದೇನೆ. ಚಾಕಿ, ಅಂದರೆ ಎಳೆಯ ರೇಷ್ಮೆ ಹುಳುವಿಗೆ 26ರಿಂದ 28 ಡಿಗ್ರಿ ಇರಬೇಕು. ಸೆನ್ಸರ್ ಎಲ್‌ಎಂ75, ಮೈಕ್ರೋಕಂಟ್ರೋಲರ್ ಎಟಿ89ಎಸ್52. ಸೆನ್ಸರ್ ಮಾತಾಡುವುದು ಐ2ಸಿ ಎಂಬ ಎರಡು ತಂತಿಯ ಬಸ್ಸಿನಲ್ಲಿ, ಆದರೆ ಈ ಮೈಕ್ರೋಕಂಟ್ರೋಲರಿನಲ್ಲಿ ಐ2ಸಿ ಹಾರ್ಡ್‌ವೇರ್ ಇಲ್ಲ. ಹಾಗಾಗಿ ಎಸ್‌ಸಿಎಲ್ ಎಂಬ ಕ್ಲಾಕ್ ತಂತಿಯನ್ನೂ ಎಸ್‌ಡಿಎ ಎಂಬ ಡೇಟಾ ತಂತಿಯನ್ನೂ ಪ್ರೋಗ್ರಾಮಿನಿಂದಲೇ ಒಂದೊಂದು ಬಿಟ್ ಎತ್ತಿ ಇಳಿಸಬೇಕು.

ಎರಡೂ ತಂತಿಗೆ ಪೋರ್ಟ್ 0 ಆರಿಸಿಕೊಂಡೆ. ಅದು ನಿಜವಾದ ಓಪನ್ ಡ್ರೈನ್: 0 ಬರೆದರೆ ಲೈನನ್ನು ನೆಲಕ್ಕೆ ಎಳೆಯುತ್ತದೆ, 1 ಬರೆದರೆ ಸುಮ್ಮನೆ ಕೈಬಿಡುತ್ತದೆ. ಲೈನನ್ನು ಮೇಲೆತ್ತುವುದು 5 ವೋಲ್ಟಿಗೆ ಕಟ್ಟಿದ ಪುಲ್‌ಅಪ್ ರೆಸಿಸ್ಟರ್. ಈ ಬಸ್ಸಿನಲ್ಲಿ ಯಾರೂ 1 ಅನ್ನು ಒತ್ತಿ ಹಿಡಿಯಬಾರದು, ಏಕೆಂದರೆ ಅದೇ ಲೈನನ್ನು ಸೆನ್ಸರ್ ಕೂಡ ಕೆಳಗೆಳೆಯಬೇಕು.

ಸ್ಟಾರ್ಟ್ ಅಂದರೆ ಎಸ್‌ಸಿಎಲ್ ಮೇಲಿರುವಾಗಲೇ ಎಸ್‌ಡಿಎ ಕೆಳಗಿಳಿಯುವುದು. ಸ್ಟಾಪ್ ಅದರ ತಿರುಗುಮುರುಗು. ಇವೆರಡನ್ನು ಬಿಟ್ಟರೆ ಎಸ್‌ಡಿಎ ಬದಲಾಗುವುದು ಎಸ್‌ಸಿಎಲ್ ಕೆಳಗಿರುವಾಗ ಮಾತ್ರ. ನಡುವೆ ಮತ್ತೊಂದು ಸ್ಟಾರ್ಟ್ ಕೊಡುವಾಗ ಇದು ಕೈಕೊಡುತ್ತದೆ: ಮೊದಲು ಎಸ್‌ಡಿಎ ಎತ್ತಿ, ಆಮೇಲೆ ಎಸ್‌ಸಿಎಲ್ ಎತ್ತಬೇಕು. ಹಿಂದುಮುಂದಾದರೆ ಸೆನ್ಸರ್ ಅದನ್ನು ಸ್ಟಾಪ್ ಎಂದು ತಿಳಿಯುತ್ತದೆ.

ಸೆನ್ಸರಿನ ಎ2, ಎ1, ಎ0 ಮೂರೂ ಪಿನ್ ನೆಲಕ್ಕೆ ಕಟ್ಟಿದರೆ ವಿಳಾಸ 0x48. ಆದರೆ ಅದು 7 ಬಿಟ್ಟಿನ ವಿಳಾಸ. ಕಳುಹಿಸುವಾಗ ಒಂದು ಸ್ಥಾನ ಎಡಕ್ಕೆ ಸರಿಸಿ, ಕೊನೆಗೆ ಬರೆಯುವುದಾದರೆ 0, ಓದುವುದಾದರೆ 1 ಸೇರಿಸಬೇಕು. ಅಂದರೆ ತಂತಿಯ ಮೇಲೆ ಹೋಗುವುದು 0x90 ಅಥವಾ 0x91. 0x48 ಅನ್ನೇ ಕಳುಹಿಸಿದರೆ ಅದು 0x24 ಎಂಬ ವಿಳಾಸವಾಗುತ್ತದೆ, ಯಾರೂ ಉತ್ತರ ಕೊಡುವುದಿಲ್ಲ.

ಎಂಟು ಬಿಟ್ ಹೋದ ಮೇಲಿನ ಒಂಬತ್ತನೇ ಕ್ಲಾಕೇ ಇಡೀ ಕೆಲಸದ ಜೀವಾಳ. ಬೈಟ್ ತಲುಪಿತೆಂದು ಸೆನ್ಸರ್ ಆಗ ಎಸ್‌ಡಿಎ ಕೆಳಗೆಳೆದು ಹೇಳುತ್ತದೆ, ಅದೇ ಆಕ್.

```c
bit send(unsigned char b) {
  unsigned char i;
  bit nack;
  for (i = 0; i < 8; i++) {
    SDA = (b & 0x80) ? 1 : 0;
    d(); SCL = 1; d(); SCL = 0;
    b <<= 1;
  }
  SDA = 1; d();
  SCL = 1; d();
  nack = SDA;
  SCL = 0;
  return nack;
}
```

ಇಲ್ಲಿ `SDA = 1` ಅಂದರೆ ಲೈನ್ ಕೈಬಿಡುವುದು. ಈ ಸಾಲು ತಪ್ಪಿಹೋದರೆ, ಬೈಟಿನ ಕೊನೆಯ ಬಿಟ್ 0 ಆಗಿದ್ದಾಗ ನಾವೇ ಲೈನ್ ಹಿಡಿದುಕೊಂಡು ನಮ್ಮದೇ 0 ಅನ್ನು ಸೆನ್ಸರಿನ ಉತ್ತರವೆಂದು ಓದುತ್ತೇವೆ. 0x90ಕ್ಕೆ ಸದಾ ಆಕ್ ಬಂದಂತೆ ಕಾಣುತ್ತದೆ. ಪತ್ತೆ ಹಚ್ಚುವುದು ಸುಲಭ: ಸೆನ್ಸರ್ ಕಿತ್ತಿಟ್ಟು ಓಡಿಸಿ. ಆಗಲೂ ಆಕ್ ಬಂದರೆ ತಪ್ಪು ಪ್ರೋಗ್ರಾಮಿನದೇ. `d()` ಒಳಗೆ ಐದು `_nop_()` ಇವೆ, 11.0592 ಮೆಗಾಹರ್ಟ್ಸ್ ಕ್ರಿಸ್ಟಲ್‌ನಲ್ಲಿ ಅಷ್ಟೇ ಸುಮಾರು 5.4 ಮೈಕ್ರೋಸೆಕೆಂಡ್. 100 ಕಿಲೋಹರ್ಟ್ಸ್ ಬಸ್ ಕೇಳುವ 4.7ಕ್ಕಿಂತ ಹೆಚ್ಚೇ ಆಯಿತು.

ಓದುವ ಕ್ರಮ: ಸ್ಟಾರ್ಟ್, 0x90, ತಾಪಮಾನದ ರಿಜಿಸ್ಟರನ್ನು ತೋರಿಸುವ 0x00, ಮತ್ತೆ ಸ್ಟಾರ್ಟ್, 0x91, ಆಮೇಲೆ ಎರಡು ಬೈಟ್. ಈಗ ಆಕ್ ಕೊಡುವ ಸರದಿ ನಮ್ಮದು. ಮೊದಲ ಬೈಟಿಗೆ ಎಸ್‌ಡಿಎ ಕೆಳಗೆಳೆದು ಆಕ್ ಕೊಡಿ. ಎರಡನೆಯದಕ್ಕೆ ಕೊಡಬೇಡಿ, ಲೈನ್ ಮೇಲೇ ಇರಲಿ. ಕೊಟ್ಟುಬಿಟ್ಟರೆ ಸೆನ್ಸರ್ ಮುಂದಿನ ಬೈಟಿನ ಮೊದಲ ಬಿಟ್ಟನ್ನು ಲೈನಿಗೆ ಇಡುತ್ತದೆ. ಅದು 0 ಆಗಿದ್ದರೆ ಎಸ್‌ಡಿಎ ಮೇಲೇಳದೆ ಸ್ಟಾಪ್ ಆಗುವುದೇ ಇಲ್ಲ. 0x1B, 0x80 ಬಂತು ಅನ್ನಿ: 0x1B ಅಂದರೆ 27, ಎರಡನೇ ಬೈಟಿನ ಮೇಲಿನ ಬಿಟ್ ಅರ್ಧ ಡಿಗ್ರಿ. ಒಟ್ಟು 27.5.

ತಟ್ಟೆಗಳ ಸ್ಟ್ಯಾಂಡಿನಿಂದ ಪೆಟ್ಟಿಗೆವರೆಗೆ ಕೇಬಲ್ ನಾಲ್ಕು ಮೀಟರ್. ಮೀಟರಿಗೆ 100 ಪಿಕೋಫ್ಯಾರಡ್ ಹಿಡಿದರೆ 400, ಅಂದರೆ ಬಸ್ಸಿನ ಮಿತಿಯ ಅಂಚು. 4.7 ಕಿಲೋಓಮ್ ಪುಲ್‌ಅಪ್ ಹಾಕಿದರೆ ಲೈನ್ ಮೇಲೇರಲು ಸುಮಾರು 1.6 ಮೈಕ್ರೋಸೆಕೆಂಡ್ ಬೇಕು, ಇರುವ ಅವಕಾಶ 1. ಅದಕ್ಕೇ 2.2 ಕಿಲೋಓಮ್ ಹಾಕಿದ್ದೇನೆ: ಏರಿಕೆ 0.75ಕ್ಕೆ ಇಳಿಯುತ್ತದೆ, ಪಿನ್ ನುಂಗುವ ಕರೆಂಟ್ 2.3 ಮಿಲಿಆಂಪ್, ಪೋರ್ಟ್ 0 ತಡೆಯುತ್ತದೆ. ಎಸ್‌ಡಿಎ, ಎಸ್‌ಸಿಎಲ್ ಎರಡನ್ನೂ ಒಂದಕ್ಕೊಂದು ಹೊಸೆಯಬೇಡಿ; ಒಂದನ್ನು ಗ್ರೌಂಡ್ ಜೊತೆ, ಇನ್ನೊಂದನ್ನು ಸಪ್ಲೈ ಜೊತೆ ಹೊಸೆಯಿರಿ.

ಹೀಟರಿನ ಕಾಂಟ್ಯಾಕ್ಟರ್ ಬಿದ್ದಾಗ ಮೈಕ್ರೋಕಂಟ್ರೋಲರ್ ರೀಸೆಟ್ ಆಗುವುದುಂಟು. ಅದು ಓದುವ ನಡುವೆ ಆದರೆ ಸೆನ್ಸರಿಗೆ ಗೊತ್ತಾಗುವುದಿಲ್ಲ. ಅದು ತನ್ನ 0 ಬಿಟ್ಟನ್ನು ಹಿಡಿದುಕೊಂಡು ಮುಂದಿನ ಕ್ಲಾಕಿಗೆ ಕಾಯುತ್ತಲೇ ಇರುತ್ತದೆ. ಮೀಟರಿನಲ್ಲಿ ಎಸ್‌ಡಿಎ ಸೊನ್ನೆ ತೋರಿಸಿ ಎಸ್‌ಸಿಎಲ್ 5 ವೋಲ್ಟ್ ತೋರಿಸಿದರೆ ಇದೇ ಕಾಯಿಲೆ. ಪ್ರೋಗ್ರಾಂ ಶುರುವಾದ ಕೂಡಲೇ ಎಸ್‌ಡಿಎ ಬಿಟ್ಟು, ಅದು ಮೇಲೇಳುವವರೆಗೆ ಹೆಚ್ಚೆಂದರೆ ಒಂಬತ್ತು ಕ್ಲಾಕ್ ಕೊಟ್ಟು, ಒಂದು ಸ್ಟಾಪ್ ಕೊಟ್ಟರೆ ಬಿಡುಗಡೆ.

ತಂತಿ ಕಿತ್ತುಹೋದರೆ ಬೇರೆ ಲಕ್ಷಣ. ಪುಲ್‌ಅಪ್‌ನಿಂದ ಎಲ್ಲ ಬಿಟ್ಟೂ 1 ಆಗಿ −0.5 ಡಿಗ್ರಿ ಬರುತ್ತದೆ. ಮಂಡ್ಯದ ಹುಳು ಮನೆಯಲ್ಲಿ ಆ ಅಂಕಿ ಕಂಡರೆ ಅದು ತಾಪಮಾನವಲ್ಲ. ಆದರೆ ಕಂಟ್ರೋಲರ್ ಅದನ್ನು ನಂಬಿ ಹೀಟರನ್ನು ಉರಿಸುತ್ತಲೇ ಇದ್ದರೆ ಹುಳು ಉಳಿಯುವುದಿಲ್ಲ. ಆದ್ದರಿಂದ `send()` ಮೂರು ಸಲವೂ ಏನು ಹಿಂತಿರುಗಿಸಿತು ಎಂದು ನೋಡುತ್ತೇನೆ. ಒಂದರಲ್ಲಿ 1 ಬಂದರೂ ಬೈಟುಗಳನ್ನು ಓದದೆ ಸ್ಟಾಪ್ ಕೊಟ್ಟು, ಹೀಟರ್ ಆರಿಸಿ, ಬಜರ್ ಕೂಗಿಸುತ್ತೇನೆ.